ಪುಟ ಹೊಸದಾಗಿ ಬರೆಸಿದ ಮೇಲೆ ಬುಕಿಂಗ್ ನಿಜವಾಗ್ಲೂ ಜಾಸ್ತಿ ಆಯ್ತಾ, ಇಲ್ಲಾ ಓದೋದಕ್ಕೆ ಮಾತ್ರ ಚೆಂದ ಆಯ್ತಾ?

ಮಿಡಿಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಾವು ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ, ಮುಂಗಡ ಬುಕಿಂಗ್ ತಗೊಂಡು ಕೊರಿಯರ್‌ನಲ್ಲಿ ಕಳಿಸ್ತೇವೆ. ಅದಕ್ಕೆ ಒಂದು ಪುಟ ಇದೆ. ಇನ್‌ಸ್ಟಾಗ್ರಾಂ ಜಾಹೀರಾತಿನಿಂದ ಕೆಲವರು, ವಾಟ್ಸಾಪ್ ಗ್ರೂಪಿನಿಂದ ಕೆಲವರು ಅಲ್ಲಿಗೆ ಬರ್ತಾರೆ. ಬಂದವರು ವಾಟ್ಸಾಪ್ ಬಟನ್ ಒತ್ತಿ ನಮ್ಮ ಜೊತೆ ಮಾತಾಡಿ, ದುಡ್ಡು ಹಾಕಿ ಬುಕ್ ಮಾಡ್ತಾರೆ.

ಹಳೇ ಪುಟ ನಾನೇ ಬರೆದದ್ದು. ಮೊದಲ ಸಾಲು ಹೀಗಿತ್ತು: "ಅಪ್ಪೆಮಿಡಿ ಉಪ್ಪಿನಕಾಯಿ, ಅರ್ಧ ಕೆಜಿ ₹420, ಕೊರಿಯರ್ ₹70 ಬೇರೆ. ಏಪ್ರಿಲ್ ಕೊನೆಗೆ ಕಳಿಸುತ್ತೇವೆ." ಬೆಂಗಳೂರಲ್ಲಿರೋ ನಮ್ಮ ಪರಿಚಯದ ಹುಡುಗ ಒಬ್ಬ ಅದನ್ನ ಪೂರ್ತಿ ಬದಲಾಯಿಸಿ ಕೊಟ್ಟ. ಈಗ "ಹೊಳೆದಂಡೆಯ ಹಳೇ ಮರಗಳ ಘಮ, ಅಜ್ಜಿಯ ಕೈರುಚಿ, ನಿಮ್ಮ ಊಟದ ಬಾಳೆಗೆ" ಅಂತ ಶುರು ಆಗ್ತದೆ. ಓದೋಕೆ ತುಂಬ ಚೆನ್ನಾಗಿದೆ, ನಮ್ಮ ಅತ್ತೆಗೂ ಇಷ್ಟ ಆಯ್ತು.

ಲೆಕ್ಕ ಹೀಗಿದೆ. ಹಳೇ ಪುಟ ನಾಲ್ಕು ವಾರ ಇತ್ತು, 1840 ಜನ ನೋಡಿದ್ರು, 46 ಬುಕಿಂಗ್. ಹೊಸದು ಎರಡು ವಾರ ಆಯ್ತು, 910 ಜನ, 31 ಬುಕಿಂಗ್. ಅಂದ್ರೆ ನೂರಕ್ಕೆ 2.5 ಇದ್ದದ್ದು 3.4 ಆಗಿದೆ. ಆ ಹುಡುಗ "36% ಜಾಸ್ತಿ ಆಯ್ತಲ್ಲ ಅಕ್ಕ" ಅಂತಿದ್ದಾನೆ. ಜೇನು, ಮುರುಗಲು ಸಿರಪ್, ಹಲಸಿನ ಹಪ್ಪಳದ ಪುಟಗಳನ್ನೂ ಬರೆದುಕೊಡ್ತೇನೆ ಅಂತ ಪ್ರತಿ ಪುಟಕ್ಕೆ ಒಂದು ರೇಟ್ ಹೇಳಿದ್ದಾನೆ. ಕೊಡಬಹುದಾ? ಬರವಣಿಗೆಯಿಂದಲೇ ಜಾಸ್ತಿ ಆಗಿದ್ದು ಅಂತ ಹೆಂಗೆ ತಿಳ್ಕೊಳ್ಳೋದು?

ಕದ್ರಾ ಹುಡುಗ (ಕಾರವಾರ)

ಇದ್ರಲ್ಲಿ ಕೇಳೋದೇನಿದೆ ಅಕ್ಕಾ? 2.5 ಇಂದ 3.4. ಕೊಟ್ಟುಬಿಡಿ. ಜನ ಪುಟದಲ್ಲಿ ಎಷ್ಟು ಹೊತ್ತು ನಿಲ್ತಾರೆ ಅಂತ ಬೇಕಾದ್ರೆ ನೋಡಿ. ಅದೂ ಜಾಸ್ತಿ ಆಗಿದ್ರೆ ಪಕ್ಕಾ.

ತದಡಿ ಅಲೆ (ಗೋಕರ್ಣ)

ನಮ್ಮ ಹೋಮ್‌ಸ್ಟೇಗೂ ಇದೇ ತೊಂದರೆ. ಪುಟಕ್ಕೆ ಜನವೇ ಬರೋದಿಲ್ಲ. ಗೂಗಲ್‌ನಲ್ಲಿ ಮೇಲೆ ಬರೋ ಹಾಗೆ ಮಾಡ್ಬೇಕು ಅಂದ್ರೆ ಎಂತ ಮಾಡ್ಬೇಕು? ನೀವು "ಶಿರಸಿ ಅಪ್ಪೆಮಿಡಿ ಆನ್‌ಲೈನ್" ಅಂತ ನಾಲ್ಕೈದು ಕಡೆ ಬರೀರಿ, ಜನ ಬರ್ತಾರೆ.

ಮಿಡಿಮನೆ (ಶಿರಸಿ)

ಜನ ಬರ್ತಿದ್ದಾರೆ ಅಣ್ಣ. ಬಂದವರಲ್ಲಿ ತಗೊಳ್ಳೋರು ಜಾಸ್ತಿ ಆದ್ರಾ ಅನ್ನೋದು ನನ್ನ ಪ್ರಶ್ನೆ.

ಲೆಕ್ಕದ ಮೇಷ್ಟ್ರು (ಕುಮಟಾ)

36% ಅನ್ನೋದು ದೊಡ್ಡದಾಗಿ ಕೇಳಿಸ್ತದೆ. ಅದರ ಹಿಂದೆ ಎಷ್ಟು ಬುಕಿಂಗ್ ಇದೆ ನೋಡಿ. ಹಳೇ ಪುಟದ ವೇಗದಲ್ಲೇ 910 ಜನ ಬಂದಿದ್ರೆ ಸುಮಾರು 23 ಬುಕಿಂಗ್ ಆಗ್ತಿತ್ತು. ಆದದ್ದು 31. ಮಾತಾಡ್ತಿರೋದು ಬರೀ ಎಂಟು ಬುಕಿಂಗ್ ಬಗ್ಗೆ.

ಕ್ಲಾಸಲ್ಲಿ ನಾನು ಹೇಳ್ತಿದ್ದ ಒಂದು ಒರಟು ಲೆಕ್ಕ ಇದೆ. ಎರಡೂ ಪುಟಕ್ಕೆ ಸಮಸಮ ಜನ ಬಂದಿದ್ದಾರೆ ಅಂತಿಟ್ಟುಕೊಳ್ಳಿ. ಎರಡೂ ಕಡೆಯ ಬುಕಿಂಗ್ ಕೂಡಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ಎರಡರ ನಡುವಿನ ವ್ಯತ್ಯಾಸ ಅದಕ್ಕಿಂತ ಜಾಸ್ತಿ ಇದ್ದರೆ ಗಮನ ಕೊಡಿ. ಇಲ್ಲಿ 23 ಮತ್ತು 31 ಕೂಡಿದರೆ 54, ವರ್ಗಮೂಲ 7.3, ಎರಡು ಪಟ್ಟು ಅಂದ್ರೆ ಹತ್ತಿರ ಹತ್ತಿರ 15. ನಿಮ್ಮ ವ್ಯತ್ಯಾಸ 8. ನಾಣ್ಯ ಚಿಮ್ಮಿದಾಗ ಒಮ್ಮೊಮ್ಮೆ ರಾಜ ಮುಖವೇ ಜಾಸ್ತಿ ಬೀಳ್ತದಲ್ಲ, ಪುಟದಲ್ಲಿ ಒಂದಕ್ಷರ ಬದಲಾಗದೇ ಇದ್ದರೂ ಅಷ್ಟು ಏರಿಳಿತ ಆಗಬಹುದು. ಹೊಸ ಪುಟ ಕೆಲಸ ಮಾಡಲಿಲ್ಲ ಅಂತ ನಾನು ಹೇಳ್ತಾ ಇಲ್ಲ. ಈ ಸಂಖ್ಯೆಗಳಿಂದ ಅದು ಗೊತ್ತಾಗೋದಿಲ್ಲ ಅಂತ ಮಾತ್ರ.

ಕದ್ರಾ ಹುಡುಗ (ಕಾರವಾರ)

ಮೇಷ್ಟ್ರೇ, ಹಂಗಾದ್ರೆ ಸಣ್ಣ ವ್ಯಾಪಾರದವರು ಏನೂ ತೀರ್ಮಾನ ಮಾಡೋ ಹಾಗೇ ಇಲ್ವಾ? ಲಕ್ಷಗಟ್ಟಲೆ ಜನ ಬರೋವರೆಗೆ ಕಾಯ್ಬೇಕಾ?

ಕಾನುಮನೆ (ಯಲ್ಲಾಪುರ)

ನಾನು ಆನ್‌ಲೈನ್ ಮಾರಾಟದ ಲೆಕ್ಕ ನೋಡೋ ಕೆಲಸದಲ್ಲೇ ಇದ್ದೇನೆ, ಮನೆಯಿಂದಲೇ. ಮೇಷ್ಟ್ರು ಹೇಳಿದ್ದು ಸರಿ, ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಮಿಡಿಮನೆಯವರೇ, ಆ ನಾಲ್ಕು ವಾರ ಬಂದವರೂ ಈ ಎರಡು ವಾರ ಬಂದವರೂ ಒಂದೇ ಥರದ ಜನವಾ? ಜಾಹೀರಾತಿಗೆ ಹಾಕಿದ ದುಡ್ಡು ಅಷ್ಟೇ ಇತ್ತಾ? ಎಲ್ಲಿಂದ ಎಷ್ಟು ಜನ ಬಂದ್ರು, ಬೇರೆ ಬೇರೆ ಮಾಡಿ ಹಾಕೋಕಾಗ್ತದಾ? ಲಿಂಕ್‌ಗಳಲ್ಲಿ `utm_source` ಹಾಕಿದ್ರೆ ಅದು ಸಿಗಬೇಕು. ಸಿಕ್ಕಿದ್ರೆ ವಾಟ್ಸಾಪ್ ಬಟನ್ ಒತ್ತಿದವರ ಸಂಖ್ಯೆಯನ್ನೂ ಕೊಡಿ.

ಶರಾವತಿ ದಂಡೆ (ಹೊನ್ನಾವರ)

ಹೊಸ ಸಾಲು ಓದಿ ಬಾಯಲ್ಲಿ ನೀರು ಬಂತು. ಹಳೇದು ರೇಷನ್ ಅಂಗಡಿ ಬೋರ್ಡಿನ ಹಾಗಿತ್ತು. ಭಾಷೆಗೆ ಒಂದು ಬೆಲೆ ಉಂಟಲ್ಲ, ಎಲ್ಲವನ್ನೂ ವರ್ಗಮೂಲದಲ್ಲಿ ಅಳೆಯೋದು ಯಾಕೆ?

ಇಶಾಡು ತೋಟ (ಅಂಕೋಲಾ)

ಮಾಳಂಜಿ ಮಿಡಿ ಉಂಟಾ ನಿಮ್ಮಲ್ಲಿ? ಇದ್ರೆ ನನಗೆ ಎರಡು ಕೆಜಿ.

ಮಿಡಿಮನೆ (ಶಿರಸಿ)

@ಇಶಾಡು ತೋಟ, ಮಾಳಂಜಿ ಈ ಸಲ ಕಡಿಮೆ. ಬೇರೆ ಅಪ್ಪೆ ಇದೆ, ಮೆಸೇಜ್ ಮಾಡಿ.

@ಕಾನುಮನೆ, ಲಿಂಕಲ್ಲಿ `utm_source=insta` ಮತ್ತು `utm_source=wa` ಅಂತ ಹಾಕಿದ್ದೆ. ಈಗಷ್ಟೇ ತೆಗೆದು ನೋಡಿದೆ.

ಹಳೇ ಪುಟ: ಇನ್‌ಸ್ಟಾದಿಂದ 1400 ಜನ, ಬಟನ್ ಒತ್ತಿದವರು 48, ಬುಕಿಂಗ್ 21. ವಾಟ್ಸಾಪ್‌ನಿಂದ 440 ಜನ, ಒತ್ತಿದವರು 44, ಬುಕಿಂಗ್ 25.

ಹೊಸ ಪುಟ: ಇನ್‌ಸ್ಟಾದಿಂದ 500 ಜನ, ಒತ್ತಿದವರು 38, ಬುಕಿಂಗ್ 7. ವಾಟ್ಸಾಪ್‌ನಿಂದ 410 ಜನ, ಒತ್ತಿದವರು 50, ಬುಕಿಂಗ್ 24.

ಮಾರ್ಚ್‌ನಲ್ಲಿ ಜಾಹೀರಾತಿನ ದುಡ್ಡು ಸ್ವಲ್ಪ ಕಡಿಮೆ ಮಾಡಿದ್ದು ಹೌದು. ಅದೇ ಸಮಯಕ್ಕೆ ನಮ್ಮ ದೊಡ್ಡಮ್ಮನ ಮಗಳು ಮುಂಬೈಯಲ್ಲಿರೋ ನಮ್ಮ ಕಡೆಯವರ ಗ್ರೂಪಿನಲ್ಲಿ ಲಿಂಕ್ ಹಾಕಿದ್ಲು.

ಕಾನುಮನೆ (ಯಲ್ಲಾಪುರ)

ದೊಡ್ಡಮ್ಮನ ಮಗಳಿಗೆ ಥ್ಯಾಂಕ್ಸ್ ಹೇಳಿ, ಜಾಸ್ತಿ ಆದ ಬುಕಿಂಗ್ ಅವರದ್ದು.

ಒಂದೊಂದೇ ನೋಡಿ. ಇನ್‌ಸ್ಟಾದಿಂದ ಬಂದವರಲ್ಲಿ ಹಳೇ ಪುಟಕ್ಕೆ ನೂರಕ್ಕೆ 1.5 ಜನ ಬುಕ್ ಮಾಡಿದ್ರು, ಹೊಸದಕ್ಕೆ 1.4. ವಾಟ್ಸಾಪ್‌ನಿಂದ ಬಂದವರಲ್ಲಿ ಆಗ 5.7, ಈಗ 5.9. ಎರಡೂ ಕಡೆ ಏನೂ ಬದಲಾಗಿಲ್ಲ. ಆದರೆ ಮೊದಲು ವಾರಕ್ಕೆ 350 ಜನ ಇನ್‌ಸ್ಟಾದಿಂದ, 110 ಜನ ವಾಟ್ಸಾಪ್‌ನಿಂದ ಬರ್ತಿದ್ರು. ಈಗ 250 ಮತ್ತು 205. ಪರಿಚಯದವರು ಹೇಳಿ ಕಳಿಸಿದ ಜನ ಹೆಚ್ಚಾದ್ರು, ಜಾಹೀರಾತು ನೋಡಿ ಸುಮ್ಮನೆ ಇಣುಕೋ ಜನ ಕಡಿಮೆ ಆದ್ರು. ಮುಂಬೈಯಲ್ಲಿ ಕೂತು ಊರಿನ ಮಿಡಿಗೆ ಕಾಯ್ತಾ ಇರೋರು ಪುಟದಲ್ಲಿ ಏನು ಬರೆದಿದ್ರೂ ತಗೋತಾರೆ. ಅದಕ್ಕೇ ಒಟ್ಟು ಸರಾಸರಿ ಏರಿದ್ದು. ಹಳೇ ಪುಟವನ್ನೇ ಬಿಟ್ಟಿದ್ದರೂ ಈ ಎರಡು ವಾರದಲ್ಲಿ ಸುಮಾರು ಇಷ್ಟೇ ಬುಕಿಂಗ್ ಬರ್ತಿತ್ತು. ಲೆಕ್ಕ ಹಾಕಿ: 500ಕ್ಕೆ ಏಳೆಂಟು, 410ಕ್ಕೆ ಇಪ್ಪತ್ತಮೂರು. ಒಟ್ಟು ಮೂವತ್ತೊಂದರ ಆಸುಪಾಸು.

ಒಂದು ಎಚ್ಚರಿಕೆ. ಇನ್‌ಸ್ಟಾ ಲಿಂಕನ್ನೇ ಯಾರಾದ್ರೂ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದ್ರೆ ಅದರ ಜೊತೆ `insta` ಅನ್ನೋ ಗುರುತೂ ಹೋಗ್ತದೆ. ಹಾಗಾಗಿ ಈ ವಿಂಗಡಣೆ ನೂರಕ್ಕೆ ನೂರು ಸರಿ ಇರೋದಿಲ್ಲ. ಆದರೂ ಚಿತ್ರ ಸ್ಪಷ್ಟ ಇದೆ.

ಲೆಕ್ಕದ ಮೇಷ್ಟ್ರು (ಕುಮಟಾ)

ಶಾಭಾಸ್. ನಾನು ಒಟ್ಟು ಸಂಖ್ಯೆಯಲ್ಲೇ ನಿಂತಿದ್ದೆ, ಒಡೆದು ನೋಡಿದ ಮೇಲೆ ಕಾರಣವೇ ಸಿಕ್ತು.

ಕದ್ರಾ ಹುಡುಗ (ಕಾರವಾರ)

ಒಂದ್ನಿಮಿಷ. ಇನ್‌ಸ್ಟಾದಲ್ಲಿ ಬಟನ್ ಒತ್ತಿದವರನ್ನ ನೋಡಿ. ಮೊದಲು 1400ಕ್ಕೆ 48, ಈಗ 500ಕ್ಕೆ 38. ಎರಡು ಪಟ್ಟು ಆಗಿದೆ! ಹೊಸ ಪುಟ ಕೆಲಸ ಮಾಡಿದೆ ಅಂತ ಇದಕ್ಕಿಂತ ಪುರಾವೆ ಬೇಕಾ? ಇದೂ ಅದೃಷ್ಟ ಅಂತೀರಾ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು (ಕುಮಟಾ)

ಇಲ್ಲ ತಮ್ಮಾ, ಇದು ಅದೃಷ್ಟ ಅಲ್ಲ. ಹಳೇ ವೇಗದಲ್ಲಿ 500 ಜನರಲ್ಲಿ 17 ಮಂದಿ ಒತ್ತಬೇಕಿತ್ತು, ಒತ್ತಿದವರು 38. ಕೂಡಿದರೆ 55, ವರ್ಗಮೂಲದ ಎರಡು ಪಟ್ಟು ಹತ್ತಿರ ಹತ್ತಿರ 15. ವ್ಯತ್ಯಾಸ 21. ನನ್ನ ಒರಟು ಲೆಕ್ಕದಲ್ಲೂ ಇದು ದಾಟ್ತದೆ. ನೀನು ಹೇಳಿದ್ದರಲ್ಲಿ ಅರ್ಧ ಸರಿ ಇದೆ.

ಕಾನುಮನೆ (ಯಲ್ಲಾಪುರ)

ಉಳಿದ ಅರ್ಧವೇ ಮುಖ್ಯ. ಹಳೇ ಪುಟದಿಂದ ಬಟನ್ ಒತ್ತಿದ 48 ಜನರಲ್ಲಿ 21 ಜನ ಬುಕ್ ಮಾಡಿದ್ರು. ಹೊಸದರಿಂದ ಒತ್ತಿದ 38ರಲ್ಲಿ ಬುಕ್ ಮಾಡಿದ್ದು 7 ಮಾತ್ರ. ಮಾತಾಡೋಕೆ ಬರೋರು ಹೆಚ್ಚಾದ್ರು, ಮಾತಾಡಿ ವಾಪಸ್ ಹೋಗೋರೂ ಹೆಚ್ಚಾದ್ರು, ಕೊನೆಗೆ ಕೈಗೆ ಬಂದದ್ದು ಅಷ್ಟೇ. ಇದಕ್ಕೊಂದು ಕಾರಣ ಇರಬೇಕು. ಮಿಡಿಮನೆಯವರೇ, ಹೊಸ ಪುಟದಲ್ಲಿ ರೇಟ್ ಎಲ್ಲಿದೆ?

ಮಿಡಿಮನೆ (ಶಿರಸಿ)

ಕೆಳಗೆ ಇದೆ. ಕಥೆ, ಮರದ ಫೋಟೋ, ಅತ್ತೆ ಮಿಡಿಗೆ ಉಪ್ಪು ಹಾಕೋ ಫೋಟೋ, ಆಮೇಲೆ. ಬಟನ್ ಮಾತ್ರ ಮೇಲೆಯೇ ಇದೆ.

ಕಾನುಮನೆ (ಯಲ್ಲಾಪುರ)

ಹಾಗಾದ್ರೆ ಒಂದು ಕೆಲಸ ಮಾಡಿ, ದುಡ್ಡು ಖರ್ಚಿಲ್ಲ. ಎರಡೂ ಕಾಲದ ವಾಟ್ಸಾಪ್ ಮಾತುಕತೆ ತೆಗೆದು, ಪ್ರತಿಯೊಬ್ಬರೂ ಮೊದಲು ಏನು ಕೇಳಿದ್ರು ಅಂತ ಒಂದು ಹಾಳೆಯಲ್ಲಿ ಗೀಟು ಹಾಕ್ತಾ ಹೋಗಿ. ರೇಟ್, ಕೊರಿಯರ್, ಎಣ್ಣೆ, ಯಾವಾಗ ಬರ್ತದೆ, ಹೀಗೆ.

ಶರಾವತಿ ದಂಡೆ (ಹೊನ್ನಾವರ)

ಅಷ್ಟು ಮೆಸೇಜ್ ಕೂತು ಓದೋದಾ!

ಹೆಗಡೆಕಟ್ಟಾ ರಸ್ತೆ

ನಾನು ಹೊಸ ಪುಟ ನೋಡಿದ್ದೆ. ರೇಟ್ ಸಿಗದೆ ವಾಪಸ್ ಬಂದೆ. ಘಟ್ಟದಲ್ಲಿ ನೆಟ್‌ವರ್ಕ್ ಬೇರೆ ಇಲ್ಲ, ಫೋಟೋ ಬರೋ ಹೊತ್ತಿಗೆ ದೇವಿಮನೆ ದಾಟಿತ್ತು ಬಸ್ಸು.

ಮಿಡಿಮನೆ (ಶಿರಸಿ)

ಗೀಟು ಹಾಕಿ ಮುಗಿಸಿದೆ, ಊಟದ ಹೊತ್ತಾಯ್ತು.

ಹಳೇ ಪುಟದಿಂದ ಬಂದ 92 ಜನರಲ್ಲಿ 19 ಜನ ಮೊದಲು ಕೇಳಿದ್ದು ರೇಟ್. ಹೊಸದರಿಂದ ಬಂದ 88 ಜನರಲ್ಲಿ 41 ಜನ ರೇಟ್ ಕೇಳಿದ್ದಾರೆ. ಹಳೇದರಲ್ಲಿ ಹೆಚ್ಚಾಗಿ ಕೇಳ್ತಿದ್ದದ್ದು "ಎಣ್ಣೆ ಹಾಕ್ತೀರಾ", "ಮಿಡಿ ಗಟ್ಟಿ ಇರ್ತದಾ, ಮೆತ್ತಗಾಗಿರ್ತದಾ", "ಎರಡು ವರ್ಷ ಇಡಬಹುದಾ" ಅನ್ನೋದು. ಅಂಥ ಪ್ರಶ್ನೆ ಕೇಳಿದವರು ಬಹಳ ಮಂದಿ ತಗೊಂಡಿದ್ದಾರೆ. ಹೊಸದರಲ್ಲಿ "ರೇಟ್ ಎಷ್ಟು" ಅಂತ ಬರ್ತದೆ, ನಾನು ₹420, ಕೊರಿಯರ್ ₹70 ಅಂತ ಕಳಿಸ್ತೇನೆ, ಎರಡು ನೀಲಿ ಗೀಟು ಬೀಳ್ತದೆ, ಆಮೇಲೆ ಉತ್ತರ ಇಲ್ಲ. ರಾತ್ರಿ ಹತ್ತರವರೆಗೂ ಇದೇ ಕೆಲಸ ಆಗ್ಬಿಟ್ಟಿದೆ. ಹೊಸ ಪುಟ ಬಂದ ಮೇಲೆ ಕೆಲಸ ಯಾಕೆ ಹೆಚ್ಚಾಯ್ತು ಅಂತ ಈಗ ಗೊತ್ತಾಯ್ತು.

ಕದ್ರಾ ಹುಡುಗ (ಕಾರವಾರ)

ಹ್ಞಾಂ, ಅಂದ್ರೆ ಅವರು ಒತ್ತಿದ್ದು ರೇಟ್ ಕೇಳೋಕೆ. ಸರಿ, ಒಪ್ಪಿದೆ. ಆದ್ರೆ ಹುಡುಗನ ಬರವಣಿಗೆ ಸೋತಿದೆ ಅಂತ ಹೇಳೋಕೂ ಬರೋದಿಲ್ಲ ಅಲ್ವಾ? ರೇಟ್ ಕೆಳಗೆ ಹೋದದ್ದು ಬೇರೆ, ಮಾತು ಚೆಂದ ಆದದ್ದು ಬೇರೆ.

ಕಾನುಮನೆ (ಯಲ್ಲಾಪುರ)

ಇದು ಬಹಳ ಸರಿಯಾದ ಮಾತು. ಒಂದೇ ಸಲಕ್ಕೆ ಮೂರು ಬದಲಾಗಿದೆ: ಮಾತು, ರೇಟಿನ ಜಾಗ, ಫೋಟೋಗಳ ಭಾರ. ಯಾವುದು ಏನು ಮಾಡ್ತು ಅಂತ ಈ ಲೆಕ್ಕ ಹೇಳೋದಿಲ್ಲ.

ಮಾತಿನದ್ದೇ ಪರೀಕ್ಷೆ ಆಗ್ಬೇಕು ಅಂದ್ರೆ ಎರಡು ಪುಟ ಒಂದೇ ಸಮಯಕ್ಕೆ ಓಡಬೇಕು, ಮಾತು ಬಿಟ್ಟು ಉಳಿದದ್ದೆಲ್ಲ ಒಂದೇ ಇರಬೇಕು. ರೇಟಿನ ಸಾಲು ಎರಡರಲ್ಲೂ ಮೇಲೆ, ಫೋಟೋ ಎರಡರಲ್ಲೂ ಅವೇ. ಆಗ ಜಾಹೀರಾತು ಹೆಚ್ಚಾಗ್ಲಿ, ಗ್ರೂಪಿಗೆ ಯಾರಾದ್ರೂ ಲಿಂಕ್ ಹಾಕ್ಲಿ, ಯುಗಾದಿ ಬರ್ಲಿ, ಎರಡಕ್ಕೂ ಒಂದೇ ಥರ ತಾಗ್ತದೆ. ಮೂರನೇ ಒಂದು ಖಾಲಿ ಪುಟ ಮಾಡಿ, ಜಾಹೀರಾತಿಗೂ ಗ್ರೂಪಿಗೂ ಅದರ ಲಿಂಕ್ ಕೊಡಿ. ಅದರಲ್ಲಿ ಇಷ್ಟು ಹಾಕಿದ್ರೆ ಸಾಕು:

```js
let v = localStorage.getItem("v");
if (!v) {
  v = Math.random() < 0.5 ? "a" : "b";
  localStorage.setItem("v", v);
}
location.replace("/midi-" + v + location.search);
```

ಬಂದವರಲ್ಲಿ ಅರ್ಧ ಜನ `/midi-a` ಗೆ, ಅರ್ಧ ಜನ `/midi-b` ಗೆ ಹೋಗ್ತಾರೆ. ಅದೇ ಫೋನಿಂದ ಮತ್ತೆ ಬಂದ್ರೆ ಮೊದಲು ನೋಡಿದ ಪುಟವೇ ಸಿಗ್ತದೆ. ಕೊನೆಯ `location.search` ಬಿಡಬೇಡಿ, ಬಿಟ್ರೆ `utm_source` ಕಳೆದುಹೋಗ್ತದೆ. ಖಾಲಿ ಪುಟ ಯಾಕೆ ಅಂದ್ರೆ, ಹಳೇ ಪುಟದಿಂದಲೇ ಅರ್ಧ ಜನರನ್ನ ಹೊಸದಕ್ಕೆ ದಾಟಿಸಿದ್ರೆ ಹೊಸದು ಮಾತ್ರ ತಡವಾಗಿ ತೆರೀತದೆ. ನಮ್ಮ ಕಡೆಯ ನೆಟ್‌ವರ್ಕಲ್ಲಿ ಆ ತಡಕ್ಕೇ ಜನ ವಾಪಸ್ ಹೋಗ್ತಾರೆ, ಸೋತದ್ದು ಬರವಣಿಗೆ ಅಂತ ನಾವು ಅಂದುಕೊಳ್ತೇವೆ.

ಪೂರ್ತಿ ಪಕ್ಕಾ ಇದೂ ಅಲ್ಲ. ಇನ್‌ಸ್ಟಾ ಒಳಗೇ ತೆರೆದವರು ಆಮೇಲೆ ಕ್ರೋಮ್‌ನಲ್ಲಿ ತೆರೆದ್ರೆ ಹೊಸಬರ ಥರ ಲೆಕ್ಕಕ್ಕೆ ಬರ್ತಾರೆ.

ಮಿಡಿಮನೆ (ಶಿರಸಿ)

ಬುಕಿಂಗ್ ಆಗೋದು ವಾಟ್ಸಾಪ್‌ನಲ್ಲಲ್ವಾ? ಯಾರು ಯಾವ ಪುಟದಿಂದ ಬಂದ್ರು ಅಂತ ಹೆಂಗೆ ಗೊತ್ತಾಗ್ತದೆ?

ಕಾನುಮನೆ (ಯಲ್ಲಾಪುರ)

ಬಟನ್ನಿನ `https://wa.me/` ಲಿಂಕಿನಲ್ಲಿ ನಂಬರ್ ಆದ ಮೇಲೆ `?text=` ಅಂತ ಹಾಕಿ ಮೊದಲ ಮೆಸೇಜನ್ನ ನೀವೇ ಬರೆದಿಡಬಹುದು. ಒಂದು ಪುಟದಲ್ಲಿ "ಅಪ್ಪೆಮಿಡಿ ಬೇಕಿತ್ತು", ಇನ್ನೊಂದರಲ್ಲಿ "ಅಪ್ಪೆಮಿಡಿ ಬುಕ್ ಮಾಡಬೇಕಿತ್ತು" ಅಂತ ಇಡಿ. ಮೆಸೇಜ್ ನೋಡಿದ ತಕ್ಷಣ ಗೊತ್ತಾಗ್ತದೆ, ವಾಟ್ಸಾಪ್ ಬಿಸಿನೆಸ್‌ನಲ್ಲಿ ಆಗಲೇ ಲೇಬಲ್ ಹಾಕಿಬಿಡಿ. ಕೆಲವರು ಅದನ್ನ ಅಳಿಸಿ ಬೇರೆ ಬರೀತಾರೆ, ಅವರನ್ನ ಎರಡೂ ಕಡೆಯಿಂದ ಬಿಟ್ಟುಬಿಡಿ. ದುಡ್ಡು ಬಂದ ಮೇಲೇ ಬುಕಿಂಗ್ ಅಂತ ಎಣಿಸಿ. "ತಗೊಳ್ತೇನೆ" ಅಂದದ್ದನ್ನ ಎಣಿಸಬೇಡಿ.

ಕದ್ರಾ ಹುಡುಗ (ಕಾರವಾರ)

ದಿನಾ ನೋಡ್ತಾ ಇದ್ದು ಒಂದು ಪುಟ ಮುಂದೆ ಹೋದ ದಿನ ನಿಲ್ಲಿಸಿದ್ರೆ ಆಯ್ತಲ್ಲ. ಟೈಮ್ ಉಳೀತದೆ.

ಲೆಕ್ಕದ ಮೇಷ್ಟ್ರು (ಕುಮಟಾ)

ಅದು ಮಾತ್ರ ಬೇಡ. ದಿನಾ ನೋಡಿದ್ರೆ ಯಾವತ್ತೋ ಒಂದು ದಿನ ಯಾವುದೋ ಒಂದು ಮುಂದೆ ಇದ್ದೇ ಇರ್ತದೆ. ಆ ದಿನಕ್ಕೇ ನಿಲ್ಲಿಸಿದ್ರೆ ಅದೃಷ್ಟವನ್ನೇ ಆರಿಸಿಕೊಂಡ ಹಾಗೆ. ಯಾವ ದಿನ ಮುಗಿಸೋದು ಅಂತ ಮೊದಲೇ ಬರೆದಿಡಿ, ಅಲ್ಲಿಯವರೆಗೆ ಗೆಲುವು ಸೋಲಿನ ಮಾತು ಬೇಡ. ನನ್ನ ವರ್ಗಮೂಲದ ಗೆರೆ ಕೂಡ ಕೊನೆಯಲ್ಲಿ ಒಮ್ಮೆ ನೋಡೋಕೆ ಮಾತ್ರ. ಹಾಗೆ ಒಮ್ಮೆ ನೋಡಿದ್ರೂ ಪುಟಗಳು ಒಂದೇ ಥರ ಇದ್ದಾಗ ನೂರಕ್ಕೆ ಐದು ಸಲ ಅದು ಮೋಸ ಮಾಡ್ತದೆ.

ಮಿಡಿಮನೆಯವರಿಗೆ ಇನ್ನೊಂದು ಮಾತು. ವಾರಕ್ಕೆ 455 ಜನ ಅಂದ್ರೆ ಮೂರು ವಾರದಲ್ಲಿ ಒಂದೊಂದು ಪುಟಕ್ಕೆ ಸುಮಾರು 680 ಜನ, ಇಷ್ಟು ದಿನದ ಒಟ್ಟು ಸರಾಸರಿಯಲ್ಲಿ ತಲಾ 19 ಬುಕಿಂಗ್. ಒಟ್ಟು 38. ವರ್ಗಮೂಲದ ಎರಡು ಪಟ್ಟು 12ಕ್ಕಿಂತ ಸ್ವಲ್ಪ ಜಾಸ್ತಿ. ಅಂದ್ರೆ ಒಂದಕ್ಕೆ 12 ಬಂದು ಇನ್ನೊಂದಕ್ಕೆ 26 ಬಂದರೆ ಮಾತ್ರ ನೀವು ಏನಾದ್ರೂ ಹೇಳಬಹುದು. ಎರಡು ಪಟ್ಟು ವ್ಯತ್ಯಾಸ ಇದ್ರೆ ಕಾಣ್ತದೆ, ನೂರಕ್ಕೆ 2.5 ಇದ್ದದ್ದು 3.5 ಆದ್ರೆ ಕಾಣೋದಿಲ್ಲ. ಅದನ್ನ ನಂಬಿಕೆಯಿಂದ ಹಿಡೀಬೇಕು ಅಂದ್ರೆ ಒಂದೊಂದು ಪುಟಕ್ಕೆ ನಾಲ್ಕೂವರೆ ಸಾವಿರದಷ್ಟು ಜನ ಬೇಕು. ಇಪ್ಪತ್ತು ವಾರ ಆಗ್ತದೆ, ಅಷ್ಟರಲ್ಲಿ ಮಳೆಗಾಲ ಬಂದು ನಿಮ್ಮ ಭರಣಿಯೂ ಖಾಲಿ ಆಗಿರ್ತದೆ.

ಶರಾವತಿ ದಂಡೆ (ಹೊನ್ನಾವರ)

ಮತ್ತೆ ಇಷ್ಟೆಲ್ಲ ಯಾಕೆ ಮಾಡೋದು? ಕೊನೆಗೆ ಗೊತ್ತಾಗೋದೇ ಇಲ್ಲ ಅಂದ ಮೇಲೆ ಓದೋಕೆ ಚೆಂದ ಇರೋದನ್ನೇ ಇಟ್ಟುಕೊಳ್ಳಲಿ.

ಕಾನುಮನೆ (ಯಲ್ಲಾಪುರ)

ಇಟ್ಟುಕೊಳ್ಳಬಹುದು, ತಪ್ಪಿಲ್ಲ. ಅವರ ಮನೆ ಉಪ್ಪಿನಕಾಯಿ, ಅವರಿಗೆ ಹೆಮ್ಮೆ ಅನ್ನಿಸೋ ಮಾತು ಇರಲಿ. ಆದರೆ ಅವರ ಪ್ರಶ್ನೆ ಇನ್ನೂ ಮೂರು ಪುಟಕ್ಕೆ ದುಡ್ಡು ಕೊಡಬೇಕಾ ಅನ್ನೋದು. "36% ಜಾಸ್ತಿ" ಅನ್ನೋ ಕಾರಣಕ್ಕೆ ಕೊಡೋದಾದ್ರೆ ಆ ಕಾರಣ ಇಲ್ಲ. ಚೆಂದ ಇದೆ ಅನ್ನೋ ಕಾರಣಕ್ಕೆ ಕೊಡೋದಾದ್ರೆ ಅದು ಬೇರೆ ಲೆಕ್ಕ, ಬೇರೆ ರೇಟ್.

ಇನ್ನು ಬುಕಿಂಗ್ ಎಣಿಕೆಯಲ್ಲಿ ಕಾಣದ್ದು ಪ್ರಶ್ನೆಗಳಲ್ಲಿ ಕಾಣ್ತದೆ. ರೇಟ್ ಕೇಳೋರು 92ಕ್ಕೆ 19 ಇದ್ದದ್ದು 88ಕ್ಕೆ 41 ಆದದ್ದು ಎರಡೇ ವಾರದಲ್ಲಿ ಗೊತ್ತಾಯ್ತು. ಈಗ ರೇಟ್ ಮೇಲೆ ತಂದ ಮೇಲೆ ಅದು ಇಳೀಬೇಕು. ಇಳೀದೇ ಇದ್ರೆ ನನ್ನ ಊಹೆಯೇ ತಪ್ಪು.

ಹೆಗಡೆಕಟ್ಟಾ ರಸ್ತೆ

ಊರವರ ಗ್ರೂಪನ್ನ ಪರೀಕ್ಷೆಯಿಂದ ಹೊರಗಿಡಿ. ಅವರು ಹೇಗೂ ತಗೋತಾರೆ. ಗುರುತಿಲ್ಲದವರು ಏನು ಮಾಡ್ತಾರೆ ಅನ್ನೋದೇ ಪುಟದ ಪರೀಕ್ಷೆ.

ಕಾನುಮನೆ (ಯಲ್ಲಾಪುರ)

ಮಾತು ಸರಿ, ಆದರೆ ಹಾಗೆ ಮಾಡಿದ್ರೆ ಮೂರು ವಾರಕ್ಕೆ ಎರಡೂ ಪುಟ ಸೇರಿ ಹತ್ತು ಹದಿನೈದು ಬುಕಿಂಗ್ ಉಳೀತದೆ. ಎಲ್ಲರನ್ನೂ ಹಂಚಿ, ಕೊನೆಗೆ ಬೇರೆ ಮಾಡಿ ನೋಡೋದು ಒಳ್ಳೇದು ಅಂತ ನನಗೆ ಅನ್ನಿಸ್ತದೆ. ಇದರಲ್ಲಿ ಎರಡು ಅಭಿಪ್ರಾಯ ಇರಬಹುದು.

ತದಡಿ ಅಲೆ (ಗೋಕರ್ಣ)

ಈಗ ಅರ್ಥ ಆಯ್ತು ಎಂತ ಕೇಳ್ತಿದ್ದೀರಿ ಅಂತ. ನಮ್ಮಲ್ಲಿ ಡಿಸೆಂಬರ್‌ನಲ್ಲಿ ಪುಟ ಬದಲಾಯಿಸಿದ್ವಿ, ರೂಮೆಲ್ಲ ಭರ್ತಿ ಆಯ್ತು. ಅದು ಪುಟದಿಂದ ಅಂತಲೇ ಅಂದುಕೊಂಡಿದ್ದೆವು. ಡಿಸೆಂಬರ್‌ನಲ್ಲಿ ಗೋಕರ್ಣದಲ್ಲಿ ಯಾರ ರೂಮು ಖಾಲಿ ಇರ್ತದೆ!

ಇಶಾಡು ತೋಟ (ಅಂಕೋಲಾ)

ರೇಟ್ ಮೇಲೆ ಹಾಕೋದಕ್ಕೆ ನನ್ನ ವಿರೋಧ ಉಂಟು. ನಾನು ಮೇ ತಿಂಗಳಲ್ಲಿ ಕರಿ ಇಶಾಡು ಬುಕಿಂಗ್ ತಗೊಳ್ತೇನೆ. ರೇಟ್ ಮೊದಲೇ ಕಂಡ್ರೆ ಹೊರಗಿನವರು ಬೇರೆ ಮಾವಿನ ಜೊತೆ ಹೋಲಿಸಿ ಹೋಗಿಬಿಡ್ತಾರೆ. ಫೋನ್ ಮಾಡಿದ್ರೆ ಸಿಪ್ಪೆ ತೆಳು, ರಸ ಜಾಸ್ತಿ, ದೂರ ಕಳಿಸೋದು ಕಷ್ಟ, ಅದಕ್ಕೇ ಈ ರೇಟ್ ಅಂತ ಹೇಳ್ತೇನೆ, ತಗೊಳ್ತಾರೆ. ಮಾತಾಡಿದ್ರೆ ವ್ಯಾಪಾರ ಆಗ್ತದೆ ಸ್ವಾಮಿ.

ಕಾನುಮನೆ (ಯಲ್ಲಾಪುರ)

ಎಷ್ಟು ಜನ ಹಾಗೆ ತಗೊಂಡ್ರು ಅಂತ ಎಣಿಸಿದ್ದೀರಾ? ಮಿಡಿಮನೆಯವರೇ, ನಿಮ್ಮ ಹಾಳೆಯಲ್ಲಿ ನೋಡಿ. ಮೊದಲು ರೇಟ್ ಕೇಳಿದ ಆ 41 ಜನರಲ್ಲಿ ಎಷ್ಟು ಬುಕಿಂಗ್?

ಮಿಡಿಮನೆ (ಶಿರಸಿ)

41ರಲ್ಲಿ 6. ಹಳೇ ಪುಟದ 19ರಲ್ಲಿ 5.

ಕದ್ರಾ ಹುಡುಗ (ಕಾರವಾರ)

ಆ 6 ಜನ ರೇಟ್ ಮೇಲೇ ಇದ್ದಿದ್ರೂ ತಗೊಳ್ತಿದ್ರೋ ಇಲ್ವೋ?

ಇಶಾಡು ತೋಟ (ಅಂಕೋಲಾ)

ಅದೇ ನಾನು ಹೇಳೋದು. ಆ 6 ಜನ ಮಾತಿನಿಂದ ಬಂದವರೇ ಇರಬಹುದು. ಅವರು ರೇಟ್ ಕೇಳಿದ ಮೇಲೆ ಬರೀ ಅಂಕಿ ಕಳಿಸಿದ್ದಾರೆ, ನಾನಾಗಿದ್ರೆ ಮಾತಾಡ್ತಿದ್ದೆ.

ಲೆಕ್ಕದ ಮೇಷ್ಟ್ರು (ಕುಮಟಾ)

6 ಮತ್ತು 5 ಇಟ್ಟುಕೊಂಡು ಇಬ್ಬರೂ ಜಗಳ ಆಡಬೇಡಿ. ಈ ಸಂಖ್ಯೆ ಯಾರ ಪರವೂ ಸಾಕ್ಷಿ ಹೇಳೋದಿಲ್ಲ.

ಮಿಡಿಮನೆ (ಶಿರಸಿ)

ಎಲ್ಲರಿಗೂ ಧನ್ಯವಾದ. ಹುಡುಗನ ಹತ್ರ ಮಾತಾಡಿದೆ, ಸಂಖ್ಯೆ ಎಲ್ಲ ತೋರಿಸಿದೆ. ಮೊದಲು ಬೇಜಾರು ಮಾಡ್ಕೊಂಡ, ಆಮೇಲೆ ವಿಂಗಡಣೆ ನೋಡಿ ಒಪ್ಪಿದ. ಜೇನು, ಮುರುಗಲು, ಹಪ್ಪಳದ ಪುಟ ಈಗ ಬೇಡ ಅಂದಿದ್ದೇನೆ. ಅಪ್ಪೆಮಿಡಿಗೇ ಎರಡು ಪುಟ ಓಡಿಸ್ತೇವೆ. ರೇಟ್, ಕೊರಿಯರ್, ಕಳಿಸೋ ದಿನ ಎರಡರಲ್ಲೂ ಮೊದಲ ಸಾಲಿನಲ್ಲೇ. ಒಂದರಲ್ಲಿ ಅದರ ಕೆಳಗೆ ಅವನ ಹೊಳೆದಂಡೆ, ಅಜ್ಜಿ. ಇನ್ನೊಂದರಲ್ಲಿ ಜನ ಕೇಳೋ ಪ್ರಶ್ನೆಗೇ ಉತ್ತರ: ಎಣ್ಣೆ ಹಾಕೋದಿಲ್ಲ, ಮಿಡಿಯನ್ನ ನೆಲಕ್ಕೆ ಬೀಳಿಸದೆ ತೊಟ್ಟಿನ ಸಮೇತ ಕೊಯ್ದು ಇಳಿಸ್ತೇವೆ, ಅದಕ್ಕೇ ಗಟ್ಟಿ ಇರ್ತದೆ. ಫೋಟೋ ಎರಡರಲ್ಲೂ ಅವೇ, ಸಣ್ಣದು ಮಾಡಿ. ಏಪ್ರಿಲ್ 10ಕ್ಕೆ ಮುಗಿಸೋದು ಅಂತ ಕ್ಯಾಲೆಂಡರ್ ಮೇಲೆ ಬರೆದಿದ್ದೇನೆ.

ಶರಾವತಿ ದಂಡೆ (ಹೊನ್ನಾವರ)

"ತೊಟ್ಟಿನ ಸಮೇತ ಕೊಯ್ದು ಇಳಿಸ್ತೇವೆ" ಅನ್ನೋದು ನನಗೆ ಅಜ್ಜಿಯ ಕೈರುಚಿಗಿಂತ ಇಷ್ಟ ಆಯ್ತು. ಇದನ್ನ ಅವನ ಪುಟದಲ್ಲೂ ಹಾಕಿ.

ಕಾನುಮನೆ (ಯಲ್ಲಾಪುರ)

ಹಾಕಬೇಡಿ! ಹಾಕಿದ್ರೆ ಎರಡು ಪುಟಕ್ಕೂ ವ್ಯತ್ಯಾಸವೇ ಇರೋದಿಲ್ಲ. ಏಪ್ರಿಲ್ 10 ಆದ ಮೇಲೆ ಹಾಕಿ.

ಇಶಾಡು ತೋಟ (ಅಂಕೋಲಾ)

ಮೇನಲ್ಲಿ ನನ್ನ ಪುಟಕ್ಕೂ ಆ ಐದಾರು ಸಾಲಿನ ಕೋಡ್ ಹಾಕಿ ಕೊಡ್ತೀರಾ ಕಾನುಮನೆಯವರೇ? ಒಂದರಲ್ಲಿ ರೇಟ್ ಮೇಲೆ, ಇನ್ನೊಂದರಲ್ಲಿ ರೇಟ್ ಇಲ್ಲ, ಫೋನ್ ನಂಬರ್ ಮಾತ್ರ. ಕೇಳಿದವರ ಹತ್ರ ಮಾತಾಡೋದು ನಾನೇ.

ಕಾನುಮನೆ (ಯಲ್ಲಾಪುರ)

ಕೊಡ್ತೇನೆ. ಎರಡು ಪುಟದ ಫೋನ್ ನಂಬರ್ ಬೇರೆ ಬೇರೆ ಇರಲಿ, ಇಲ್ಲಾಂದ್ರೆ ಯಾರು ಎಲ್ಲಿಂದ ಫೋನ್ ಮಾಡಿದ್ರು ಅಂತ ಗೊತ್ತಾಗೋದಿಲ್ಲ.